ಬಿಜಿವಿ ಎಲ್ಲಿ ನಿಲ್ಲುತ್ತದೆ: ಪಾಂಡವಪುರದ ಹುಡುಗನ ಫೈಲು ಮತ್ತು 38 ದಿನ

"ಮೇಡಂ, ನಂದು ಇನ್‌ಸಫಿಶಿಯನ್ಸಿ ಅಂತೆ. ಅಂದ್ರೆ ಕೆಲಸ ಹೋಯ್ತಾ?"

2024ರ ಜೂನ್ 18, ಮಂಗಳವಾರ ಬೆಳಿಗ್ಗೆ ಪಾಂಡವಪುರದ ಕಡೆಯ ಹುಡುಗನೊಬ್ಬ ಫೋನ್ ಮಾಡಿ ಕೇಳಿದ್ದು ಇದು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಕಂಪನಿಯಲ್ಲಿ ಅವನಿಗೆ ಆಫರ್ ಆಗಿತ್ತು. ಸೇರುವ ದಿನ ಜುಲೈ 15. ನಾನು ಅಲ್ಲಿ ಎಚ್‌ಆರ್ ವಿಭಾಗದಲ್ಲಿದ್ದೇನೆ. ಕೆಲಸವೇನೂ ಹೋಗಿರಲಿಲ್ಲ. ಬಿಜಿವಿ, ಅಂದರೆ ಕೆಲಸಕ್ಕೆ ಸೇರುವ ಮುಂಚೆ ಓದು, ಅನುಭವ ನಿಜವೇ ಅಂತ ನೋಡುವ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಅವನ ಫೈಲು ನಿಂತಿತ್ತು, ಅಷ್ಟೇ. ಆದರೆ ನಿಂತು 12 ದಿನ ಆಗಿತ್ತು, ಅದು ಅವನಿಗೆ ಗೊತ್ತೇ ಇರಲಿಲ್ಲ.

ಅವನನ್ನು ಮಹೇಶ ಅಂತ ಕರೆಯೋಣ. ನಿಜವಾದ ಹೆಸರು ಬೇರೆ. ಅವನ ಫೈಲಿನಲ್ಲಿ ಸುಳ್ಳು ಅನ್ನುವಂಥದ್ದು ಒಂದೂ ಇರಲಿಲ್ಲ. ಆದರೂ ಮುಗಿಯಲು 38 ದಿನ ಬೇಕಾಯಿತು. ಅದಕ್ಕೇ ಅದನ್ನು ಆರಿಸಿಕೊಂಡಿದ್ದೇನೆ. ನಕಲಿ ಸರ್ಟಿಫಿಕೇಟ್ ಕೊಟ್ಟವರ ಫೈಲು ತಡವಾದರೆ ಆಶ್ಚರ್ಯವಿಲ್ಲ. ಎಲ್ಲ ಸರಿಯಿದ್ದವರದ್ದು ಯಾಕೆ ತಡವಾಗುತ್ತದೆ ಅನ್ನುವುದೇ ತಿಳಿಯಬೇಕಾದ್ದು.

ಫಾರ್ಮ್ ಕಳಿಸಿದ ಮೇಲೆ ಏನಾಗುತ್ತದೆ

ಬಿಜಿವಿಯನ್ನು ಸಾಮಾನ್ಯವಾಗಿ ಕಂಪನಿಯೇ ಕೂತು ಮಾಡುವುದಿಲ್ಲ. ಅದಕ್ಕೆಂದೇ ಏಜೆನ್ಸಿಗಳಿವೆ. ನಾವು ನಿಮ್ಮ ಹೆಸರು, ಇಮೇಲ್, ಮೊಬೈಲ್ ನಂಬರ್ ಏಜೆನ್ಸಿಗೆ ಕೊಡುತ್ತೇವೆ. ಅವರು ನಿಮಗೆ ಒಂದು ಲಿಂಕ್ ಕಳಿಸುತ್ತಾರೆ. ನೀವು ಫಾರ್ಮ್ ತುಂಬಿ, ಅಂಕಪಟ್ಟಿ, ಪದವಿ ಪ್ರಮಾಣಪತ್ರ, ರಿಲೀವಿಂಗ್ ಲೆಟರ್ ಎಲ್ಲ ಅಪ್‌ಲೋಡ್ ಮಾಡಿ, ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತೀರಿ. ಈ ಒಪ್ಪಿಗೆ ಪತ್ರ ಇಲ್ಲದೆ ಯಾವ ವಿಶ್ವವಿದ್ಯಾಲಯವೂ ಹಳೇ ಕಂಪನಿಯೂ ನಿಮ್ಮ ಬಗ್ಗೆ ಬಾಯಿ ಬಿಡುವುದಿಲ್ಲ. ಕೆಲವು ಕಡೆ ಪೆನ್ನಿನಲ್ಲಿ ಹಾಕಿದ ಸಹಿಯೇ ಬೇಕು ಅಂತಾರೆ. ಬೆರಳಲ್ಲಿ ಸ್ಕ್ರೀನ್ ಮೇಲೆ ಗೀಚಿದ್ದು ವಾಪಸ್ ಬರುತ್ತದೆ. ಬಿಳಿ ಹಾಳೆಯಲ್ಲಿ ಸಹಿ ಮಾಡಿ ಸ್ಕ್ಯಾನ್ ಮಾಡಿ ಇಟ್ಟುಕೊಂಡರೆ ಒಳ್ಳೆಯದು.

ಇಲ್ಲಿಂದ ಮುಂದೆ ನಡೆಯುವುದು ಬಹಳ ಜನರಿಗೆ ಗೊತ್ತಿಲ್ಲ. ಫೈಲು ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋಗುವುದಿಲ್ಲ. ಮೊದಲು ಏಜೆನ್ಸಿಯಲ್ಲೇ ಒಬ್ಬರು ಕೂತು ನೀವು ಟೈಪ್ ಮಾಡಿದ್ದನ್ನೂ ಅಪ್‌ಲೋಡ್ ಮಾಡಿದ್ದನ್ನೂ ತಾಳೆ ನೋಡುತ್ತಾರೆ. ಅವರು ಇನ್ನೂ ಯಾರನ್ನೂ ಏನೂ ಕೇಳಿರುವುದಿಲ್ಲ. ಕಾಗದ ಪೂರ್ತಿ ಇದೆಯಾ, ಓದಲು ಬರುತ್ತದಾ, ಫಾರ್ಮಿಗೂ ಕಾಗದಕ್ಕೂ ಹೊಂದುತ್ತದಾ ಅನ್ನುವುದಷ್ಟೇ ಅವರ ಕೆಲಸ. ಹೊಂದದಿದ್ದರೆ ಒಂದು ಇಮೇಲ್ ಹಾಕಿ ಫೈಲನ್ನು ಪಕ್ಕಕ್ಕಿಡುತ್ತಾರೆ. ಇದೇ ಇನ್‌ಸಫಿಶಿಯನ್ಸಿ.

ಪಕ್ಕಕ್ಕಿಟ್ಟ ಗಳಿಗೆಯಿಂದ ಏಜೆನ್ಸಿಯ ಗಡಿಯಾರ ನಿಲ್ಲುತ್ತದೆ. ಏಜೆನ್ಸಿ ಕಂಪನಿಗೆ ಒಪ್ಪಿಕೊಂಡಿರುವುದು ಸಾಮಾನ್ಯವಾಗಿ 10ರಿಂದ 15 ಕೆಲಸದ ದಿನ. ನಿಮ್ಮಿಂದ ಉತ್ತರ ಬರುವವರೆಗಿನ ದಿನಗಳನ್ನು ಅವರು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಹಾಗಾಗಿ ನಿಮ್ಮನ್ನು ಅವಸರಪಡಿಸುವ ಕಷ್ಟ ಅವರಿಗಿಲ್ಲ. ಒಂದು ಇಮೇಲ್ ಬರುತ್ತದೆ, ಮೂರ್ನಾಲ್ಕು ದಿನ ಬಿಟ್ಟು ಯಂತ್ರದಿಂದ ಇನ್ನೊಂದು ಬರುತ್ತದೆ. ಮಹೇಶ ಫಾರ್ಮ್ ಕಳಿಸಿದ್ದು ಜೂನ್ 3ಕ್ಕೆ. ಇನ್‌ಸಫಿಶಿಯನ್ಸಿ ಬಿದ್ದದ್ದು ಜೂನ್ 6ಕ್ಕೆ. ಮೂರು ಇಮೇಲೂ ಅವನ ಸ್ಪ್ಯಾಮ್‌ನಲ್ಲಿ ಬಿದ್ದಿದ್ದವು. ಅವನೇನೋ "ಎಲ್ಲಾ ಕೊಟ್ಟಾಯ್ತು" ಅಂದುಕೊಂಡು ಆರಾಮಾಗಿದ್ದ.

ಅದಕ್ಕೇ ಮೊದಲ ಕೆಲಸ ಇದು: ಫಾರ್ಮ್ ಕಳಿಸಿದ ಮೂರನೇ ದಿನದಿಂದ ಸ್ಪ್ಯಾಮ್ ನೋಡಿ, ಅದೇ ಲಿಂಕಿಗೆ ಮತ್ತೆ ಲಾಗಿನ್ ಆಗಿ ಸ್ಟೇಟಸ್ ನೋಡಿ. ಎಚ್‌ಆರ್‌ಗೆ "ನಂದು ಎಲ್ಲಿಗೆ ಬಂತು ಮೇಡಂ" ಅಂತ ಕೇಳುವ ಬದಲು "ನನ್ನ ಫೈಲಿನಲ್ಲಿ ಇನ್‌ಸಫಿಶಿಯನ್ಸಿ ಏನಾದರೂ ಇದೆಯಾ, ಯಾವ ಚೆಕ್‌ನಲ್ಲಿ" ಅಂತ ಕೇಳಿ. ಮೊದಲನೆಯದಕ್ಕೆ "ನಡೀತಿದೆ" ಅನ್ನುವ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ನಾವು ಡ್ಯಾಶ್‌ಬೋರ್ಡ್ ತೆರೆದು ನೋಡಲೇಬೇಕಾಗುತ್ತದೆ. ನನ್ನ ಕೆಲಸದ ಗುಟ್ಟು ಹೇಳಿಬಿಟ್ಟೆ, ಇರಲಿ.

ಯಾವ ಚೆಕ್ ಅಂತ ಕೇಳುವುದಕ್ಕೂ ಕಾರಣವಿದೆ. ವಿದ್ಯಾಭ್ಯಾಸ, ಪ್ರತಿಯೊಂದು ಹಳೇ ಕಂಪನಿ, ವಿಳಾಸ, ಇವೆಲ್ಲ ಬೇರೆ ಬೇರೆ ಚೆಕ್. ಒಂದು ನಿಂತರೂ ಇನ್ನೊಂದು ಓಡುತ್ತಿರುತ್ತದೆ. ಮಹೇಶನದ್ದು ವಿದ್ಯಾಭ್ಯಾಸದ ಚೆಕ್ ನಿಂತಿತ್ತು. ಅನುಭವದ್ದು ಓಡುತ್ತಿತ್ತು, ಆದರೆ ತಪ್ಪು ದಾರಿಯಲ್ಲಿ.

ಅಂಕಪಟ್ಟಿ: ಹೆಸರು, ಜಾಗ, ವರ್ಷ

ಜೂನ್ 6ರ ಇಮೇಲಿನಲ್ಲಿ ಎರಡು ತಕರಾರಿದ್ದವು. ಮೊದಲನೆಯದು ಹೆಸರು. ನಮ್ಮ ಮಂಡ್ಯ, ಮೈಸೂರು ಕಡೆಯ ಫೈಲುಗಳಲ್ಲಿ ನಾನು ಅತಿ ಹೆಚ್ಚು ನೋಡುವ ತಕರಾರೇ ಇದು. ಎಸ್ಸೆಸ್ಸೆಲ್ಸಿಯಲ್ಲಿ ಮೇಷ್ಟ್ರು ಬರೆದದ್ದು `MAHESHA M`. ಡಿಪ್ಲೊಮಾ, ಬಿಇ ಎಲ್ಲ ಅದನ್ನೇ ಹಿಡಿದುಕೊಂಡು ಬಂದವು. ಆಧಾರ್ ಮಾಡಿಸುವಾಗ ಕಂಪ್ಯೂಟರ್ ಮುಂದಿದ್ದವರು `Mahesh Manjegowda` ಅಂತ ಹಾಕಿದರು. ಕೊನೆಯ `a` ಹೋಯಿತು, ಇನಿಷಿಯಲ್ ಬಿಚ್ಚಿ ಅಪ್ಪನ ಪೂರ್ತಿ ಹೆಸರಾಯಿತು. ನಮಗೆ ಇಬ್ಬರೂ ಒಬ್ಬನೇ ಮಹೇಶ. ನೋಯ್ಡಾದಲ್ಲೋ ಗುರುಗ್ರಾಮದಲ್ಲೋ ಕೂತು ತಾಳೆ ನೋಡುವ ಹುಡುಗಿಗೆ ಇವು ಎರಡು ಬೇರೆ ಹೆಸರು. ಇನಿಷಿಯಲ್ ಅಂದರೆ ಏನು ಅನ್ನುವುದೇ ಅಲ್ಲಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ, ಅಲ್ವಾ?

ಇದಕ್ಕೆ ದಾರಿ ಎರಡು. ಕೈಯಲ್ಲಿ ಟೈಮ್ ಇಲ್ಲದಿದ್ದರೆ ಅಫಿಡವಿಟ್. ಇ-ಸ್ಟಾಂಪ್ ಕಾಗದದ ಮೇಲೆ "ಈ ಎರಡೂ ಹೆಸರು ಒಬ್ಬನೇ ವ್ಯಕ್ತಿಯದು" ಅಂತ ಬರೆಸಿ ನೋಟರಿ ಮಾಡಿಸುವುದು. ಕೋರ್ಟಿನ ಸುತ್ತಮುತ್ತ ಟೈಪಿಸ್ಟರ ಹತ್ತಿರ ಅರ್ಧ ದಿನದ ಕೆಲಸ. ಆ ಕಾಗದದಲ್ಲಿ ಎರಡೂ ಹೆಸರನ್ನು ದಾಖಲೆಯಲ್ಲಿರುವ ಹಾಗೇ, ಅದೇ ಅಕ್ಷರ, ಅದೇ ಚುಕ್ಕಿಯೊಂದಿಗೆ ಬರೆಸಬೇಕು. ಯಾವ ಹೆಸರು ಯಾವ ದಾಖಲೆಯಲ್ಲಿದೆ ಅನ್ನುವುದೂ ಇರಬೇಕು. ಮಹೇಶ ಮಂಡ್ಯಕ್ಕೆ ಹೋಗಿ ಅದೇ ದಿನ ಮಾಡಿಸಿಕೊಂಡು ಬಂದ. ಟೈಮ್ ಇದ್ದರೆ ಆಧಾರನ್ನೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೆ ಹೊಂದಿಸಿಬಿಡುವುದು ಒಳ್ಳೆಯದು. ಅಂಕಪಟ್ಟಿಯ ಹೆಸರು ಬದಲಾಯಿಸಲು ಹೋಗುವುದಕ್ಕಿಂತ ಇದು ಎಷ್ಟೋ ಸುಲಭ. ಆದರೆ ಆಧಾರ್‌ನಲ್ಲಿ ಹೆಸರು ತಿದ್ದಲು ಸಿಗುವುದು ಎರಡೇ ಅವಕಾಶ, ನೋಡಿಕೊಂಡು ಮಾಡಿ.

ಅದಕ್ಕಿಂತ ಮುಖ್ಯವಾದದ್ದು, ಫಾರ್ಮಿನ ವಿದ್ಯಾಭ್ಯಾಸದ ಪುಟದಲ್ಲಿ "ಪ್ರಮಾಣಪತ್ರದಲ್ಲಿರುವಂತೆ ಹೆಸರು" ಅನ್ನುವ ಒಂದು ಜಾಗ ಇರುತ್ತದೆ. ಅಲ್ಲಿ ಆಧಾರ್ ಹೆಸರು ಹಾಕಬೇಡಿ. ಆ ಜಾಗ ಇರುವುದೇ ಈ ಗೋಜಲಿಗೆ.

ಎರಡನೇ ತಕರಾರು ಕೇಳಿದರೆ ನಗು ಬರುತ್ತದೆ. ಮಹೇಶ ಎಸ್ಸೆಸ್ಸೆಲ್ಸಿ ಆದ ಮೇಲೆ ಡಿಪ್ಲೊಮಾ ಮಾಡಿ, ಬಿಇಗೆ ನೇರ ಎರಡನೇ ವರ್ಷಕ್ಕೆ ಸೇರಿದವನು. ಪಿಯುಸಿ ಓದೇ ಇಲ್ಲ. ಫಾರ್ಮಿನಲ್ಲಿ ಪಿಯುಸಿ ಜಾಗಕ್ಕೆ ಕೆಂಪು ಚುಕ್ಕಿ ಇತ್ತು, ಅಂದರೆ ಕಡ್ಡಾಯ. ಖಾಲಿ ಬಿಟ್ಟರೆ ಮುಂದಕ್ಕೆ ಹೋಗುತ್ತಿರಲಿಲ್ಲ. ಅವನು ಸುಮ್ನೆ ಡಿಪ್ಲೊಮಾ ಅಂಕಪಟ್ಟಿ ಅಲ್ಲಿ ಹಾಕಿದ. ಪಟ್ಟಿಯಲ್ಲಿ ಬೋರ್ಡ್ ಅಂತ ಸಿಕ್ಕಿದ್ದು ಪಿಯು ಬೋರ್ಡ್ ಒಂದೇ, ಅದನ್ನೇ ಒತ್ತಿದ. ಡಿಪ್ಲೊಮಾ ಪರೀಕ್ಷೆ ನಡೆಸುವುದು ತಾಂತ್ರಿಕ ಶಿಕ್ಷಣ ಇಲಾಖೆ. ಈಗ ಪಿಯು ಬೋರ್ಡಿನ ಹೆಸರಿನಲ್ಲಿ ಇಲಾಖೆಯ ಅಂಕಪಟ್ಟಿ. ಏಜೆನ್ಸಿಯವರು ಸರಿಯಾಗಿಯೇ ನಿಲ್ಲಿಸಿದರು. ಇಂಥ ಕಡೆ ಸಿಕ್ಕಿಬಿದ್ದರೆ ಯಾವುದೋ ಒಂದನ್ನು ಒತ್ತುವ ಬದಲು ಏಜೆನ್ಸಿಯ ಸಹಾಯವಾಣಿಗೋ ಎಚ್‌ಆರ್‌ಗೋ ಒಂದು ಸಾಲು ಬರೆಯಿರಿ. ನಾವು ಆ ಜಾಗವನ್ನು ಅವರಿಂದ ತೆಗೆಸಬಹುದು.

ಹೀಗೆ ನೇರ ಎರಡನೇ ವರ್ಷಕ್ಕೆ ಸೇರಿದ ಲ್ಯಾಟರಲ್ ಎಂಟ್ರಿಯವರಿಗೆ ಇನ್ನೊಂದು ಪ್ರಶ್ನೆಯೂ ಬರುತ್ತದೆ: ಬಿಇ ನಾಲ್ಕು ವರ್ಷದ್ದು, ನಿಮ್ಮದು ಮೂರೇ ವರ್ಷ ಯಾಕೆ? ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, ಕೊಡುವ ಯುಎಸ್‌ಎನ್ ಅನ್ನುವ ವಿದ್ಯಾರ್ಥಿ ನಂಬರ್ ಓದಲು ಬರುವವರಿಗೆ ಇದು ಪ್ರಶ್ನೆಯೇ ಅಲ್ಲ. ಉದಾಹರಣೆಗೆ `4PS15CS4` ಅಂತ ಶುರುವಾಗುವ ನಂಬರ್ ತಗೊಳ್ಳಿ. ಮೊದಲ `4` ಮೈಸೂರು ವಲಯ, `PS` ಮಂಡ್ಯದ ಪಿಇಎಸ್ ಕಾಲೇಜು, `15` ಸೇರಿದ ವರ್ಷ, `CS` ಕಂಪ್ಯೂಟರ್ ಸೈನ್ಸ್. ಆಮೇಲಿನ ಕ್ರಮಸಂಖ್ಯೆ 400ರ ಸಾಲಿನಲ್ಲಿದ್ದರೆ ಲ್ಯಾಟರಲ್ ಎಂಟ್ರಿ. ಫಾರ್ಮಿನ ಷರಾ ಜಾಗದಲ್ಲಿ "ಡಿಪ್ಲೊಮಾ ನಂತರ ಎರಡನೇ ವರ್ಷಕ್ಕೆ ಪ್ರವೇಶ" ಅಂತ ಒಂದು ಸಾಲು ಬರೆದರೆ ಒಂದು ಇಮೇಲ್ ಉಳಿಯುತ್ತದೆ.

ಕಾಗದ ಎಲ್ಲಿಗೆ ಹೋಗುತ್ತದೆ

ಅಫಿಡವಿಟ್ ಕೊಟ್ಟು, ಡಿಪ್ಲೊಮಾವನ್ನು ಸರಿಯಾದ ಜಾಗಕ್ಕೆ ಹಾಕಿಸಿದ ಮೇಲೆ ಜೂನ್ 19ಕ್ಕೆ ಫೈಲು ಹೊರಟಿತು. ಪದವಿ ನಿಜವೋ ಸುಳ್ಳೋ ಅಂತ ಹೇಳುವ ಅಧಿಕಾರ ಇರುವುದು ಅದನ್ನು ಕೊಟ್ಟವರಿಗೆ ಮಾತ್ರ. ಕಾಲೇಜಿನ ಪ್ರಿನ್ಸಿಪಾಲರು ನಿಮ್ಮನ್ನು ಎಷ್ಟೇ ಚೆನ್ನಾಗಿ ಬಲ್ಲವರಾದರೂ ಅವರ ಪತ್ರ ನಡೆಯುವುದಿಲ್ಲ. ಏಜೆನ್ಸಿ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಪ್ರತಿಗಳನ್ನು ಕಳಿಸಿ, ನಿಗದಿಯಾದ ಶುಲ್ಕ ಕಟ್ಟುತ್ತದೆ. ಅಲ್ಲಿನ ಸಿಬ್ಬಂದಿ ರಿಜಿಸ್ಟರ್ ನಂಬರ್ ಹಿಡಿದು ದಾಖಲೆ ತೆಗೆದು ನೋಡಿ, ಮೊಹರು ಹಾಕಿ ಉತ್ತರಿಸುತ್ತಾರೆ. ಶುಲ್ಕ ಕಂಪನಿಯ ಲೆಕ್ಕಕ್ಕೆ ಹೋಗುತ್ತದೆ. ಯಾರಾದರೂ ಫೋನ್ ಮಾಡಿ "ವೆರಿಫಿಕೇಶನ್ ಬೇಗ ಮಾಡಿಸ್ತೀವಿ, ಇಷ್ಟು ಹಾಕಿ" ಅಂದರೆ ಅದು ಮೋಸ, ಎಚ್‌ಆರ್‌ಗೆ ತಿಳಿಸಿ.

ಸ್ವಾಯತ್ತ ಕಾಲೇಜಿನಲ್ಲಿ ಓದಿದವರ ಫೈಲು ಇಲ್ಲಿ ಎಡವುತ್ತದೆ. ಸ್ವಾಯತ್ತ ಕಾಲೇಜಿನಲ್ಲಿ ಪರೀಕ್ಷೆ ನಡೆಸಿ ಅಂಕಪಟ್ಟಿ ಕೊಡುವುದು ಕಾಲೇಜಿನದೇ ಪರೀಕ್ಷಾ ನಿಯಂತ್ರಕರು, ಪದವಿ ಕೊಡುವುದು ವಿಶ್ವವಿದ್ಯಾಲಯ. ಅಂಕಪಟ್ಟಿಯನ್ನು ಬೆಳಗಾವಿಯ ವಿಟಿಯುಗೆ ಕಳಿಸಿದರೆ "ಇದು ನಮ್ಮದಲ್ಲ" ಅಂತ ವಾಪಸ್ ಬರುತ್ತದೆ, ಅಷ್ಟರಲ್ಲಿ ವಾರ ಕಳೆದಿರುತ್ತದೆ. ನೀವೇ ಫಾರ್ಮಿನಲ್ಲಿ "ಸ್ವಾಯತ್ತ" ಅಂತ ಬರೆದು, ಅಂಕಪಟ್ಟಿಯ ಕೆಳಗೆ ಯಾರ ಸಹಿ ಇದೆಯೋ ಆ ಕಚೇರಿಯ ಹೆಸರು ಕೊಡಿ.

ಇನ್ನೊಂದು ನಮ್ಮ ಊರಿನದೇ ಗೋಜಲು. ಕಾಲೇಜುಗಳ ವಿಶ್ವವಿದ್ಯಾಲಯ ಬದಲಾಗುತ್ತಾ ಬಂದಿದೆ. ಮೈಸೂರಿನ ಎಸ್‌ಜೆಸಿಇ ಮೊದಲು ಮೈಸೂರು ವಿಶ್ವವಿದ್ಯಾಲಯದಡಿ ಇತ್ತು. 1998ರಲ್ಲಿ ವಿಟಿಯು ಬಂದ ಮೇಲೆ ಅದರಡಿ ಹೋಯಿತು. 2016ರಿಂದ ಜೆಎಸ್‌ಎಸ್ ವಿಜ್ಞಾನ ಮತ್ತು ತಾಂತ್ರಿಕ ವಿಶ್ವವಿದ್ಯಾಲಯದ ಭಾಗ. ಒಂದೇ ಕಟ್ಟಡ, ಮೂರು ಕಾಲಕ್ಕೆ ಮೂರು ಹೆಸರು. ಫಾರ್ಮಿನಲ್ಲಿ ಇವತ್ತಿನ ಹೆಸರು ಹಾಕಬೇಡಿ. ನಿಮ್ಮ ಪದವಿ ಪ್ರಮಾಣಪತ್ರದ ಮೇಲೆ ಯಾವ ಹೆಸರು ಅಚ್ಚಾಗಿದೆಯೋ ಅದನ್ನೇ ಹಾಕಿ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದವರಿಗೆ ಬೇರೆ ವಿಷಯ: 2013-14ರಿಂದ ಕೆಲವು ವರ್ಷ ಅದಕ್ಕೆ ಯುಜಿಸಿ ಮಾನ್ಯತೆ ಇರಲಿಲ್ಲ, 2018ರಲ್ಲಿ ಮರಳಿತು. ಆ ನಡುವೆ ಪ್ರವೇಶ ಪಡೆದವರನ್ನು ಏಜೆನ್ಸಿ ಜಾಸ್ತಿ ಪ್ರಶ್ನೆ ಕೇಳುತ್ತದೆ. ಪ್ರವೇಶದ ವರ್ಷ ತೋರಿಸುವ ಕಾಗದ ಹುಡುಕಿಟ್ಟುಕೊಳ್ಳಿ.

ಡಿಜಿಲಾಕರ್‌ನಲ್ಲಿ ನಿಮ್ಮ ಅಂಕಪಟ್ಟಿ ವಿಶ್ವವಿದ್ಯಾಲಯದಿಂದಲೇ ಬಂದಿದ್ದರೆ ಕೆಲಸ ಬಹಳ ಹಗುರ. ನೀವೇ ಫೋಟೋ ತೆಗೆದು ಅದರೊಳಗೆ ಇಟ್ಟದ್ದಕ್ಕೆ ಆ ಬೆಲೆ ಇಲ್ಲ, `Issued Documents` ಅಡಿಯಲ್ಲಿ ಇರಬೇಕು. ಹಳೇ ಬ್ಯಾಚುಗಳದ್ದು ಅಲ್ಲಿ ಸಿಗದೇ ಹೋಗಬಹುದು.

ಮಹೇಶನ ಉತ್ತರ ಜೂನ್ 28ಕ್ಕೆ ಬಂತು. ಪದವಿ ಅಸಲಿ. ಆದರೆ ಉತ್ತೀರ್ಣರಾದ ಪರೀಕ್ಷೆ ಡಿಸೆಂಬರ್ 2018/ಜನವರಿ 2019. ಅವನು ಫಾರ್ಮಿನಲ್ಲಿ ಬರೆದದ್ದು ಜೂನ್ 2018. ಕೊನೇ ಸೆಮಿಸ್ಟರ್ ಮುಗಿದದ್ದು ಜೂನ್‌ನಲ್ಲೇ. ಆದರೆ ಒಂದು ಪೇಪರ್ ಉಳಿದಿತ್ತು, ಅದನ್ನು ಮುಂದಿನ ಪರೀಕ್ಷೆಯಲ್ಲಿ ಕಟ್ಟಿ ಪಾಸಾಗಿದ್ದ. ಬ್ಯಾಕ್ ಇದ್ದದ್ದನ್ನು ಹೇಳಿಕೊಳ್ಳಲು ಮುಜುಗರ. ಪೇಪರ್ ಉಳಿದಿದ್ದರಿಂದ ಆಫರ್ ಹೋದದ್ದನ್ನು ನಾನು ನಮ್ಮಲ್ಲಿ ನೋಡಿಲ್ಲ. ವರ್ಷ ತಪ್ಪಾಗಿ ಬರೆದಿದ್ದರಿಂದ ಮಾತ್ರ ಫೈಲಿಗೆ ವ್ಯತ್ಯಾಸ ಅಂತ ಗುರುತು ಬೀಳುತ್ತದೆ. ಯಾವ ತಿಂಗಳ ಪರೀಕ್ಷೆ ಅಂತ ಕೊನೆಯದಾಗಿ ಪಾಸಾದ ಪೇಪರಿನ ಅಂಕಪಟ್ಟಿಯಲ್ಲಿರುತ್ತದೆ, ಅದೇ ನಿಮ್ಮ ಉತ್ತೀರ್ಣ ವರ್ಷ. ಕೋರ್ಸ್ ಮುಗಿದ ವರ್ಷವೂ ಅಲ್ಲ, ಘಟಿಕೋತ್ಸವದ ವರ್ಷವೂ ಅಲ್ಲ. ಜುಲೈ 2ಕ್ಕೆ ಅವನು ಒಂದು ಪುಟದ ವಿವರಣೆ ಬರೆದು ಕೊಟ್ಟ.

ಅನುಭವ: ಸಂಬಳ ಕೊಟ್ಟವರು ಯಾರು?

ಮಹೇಶನ ಎರಡನೇ ಕೆಲಸ ಬೆಂಗಳೂರಿನಲ್ಲಿ, 2020ರ ಅಕ್ಟೋಬರ್ 19ರಿಂದ 2024ರ ಮೇ 31ರವರೆಗೆ. ಕೂರುತ್ತಿದ್ದದ್ದು ಒಂದು ದೊಡ್ಡ ಕಂಪನಿಯ ಕಟ್ಟಡದಲ್ಲಿ. ಕೊರಳಲ್ಲಿ ಅದರದೇ ಐಡಿ ಕಾರ್ಡ್. ಊರಲ್ಲಿ ಅವರಮ್ಮ ಹೇಳುತ್ತಿದ್ದದ್ದೂ ಆ ಕಂಪನಿಯ ಹೆಸರನ್ನೇ. ಫಾರ್ಮಿನಲ್ಲಿ ಅವನು ಬರೆದದ್ದೂ ಅದನ್ನೇ. ಏಜೆನ್ಸಿ ಅಲ್ಲಿನ ಎಚ್‌ಆರ್‌ಗೆ ಬರೆಯಿತು. ಜೂನ್ 11ಕ್ಕೆ ಉತ್ತರ ಬಂತು: ಈ ಹೆಸರಿನ ನೌಕರರು ನಮ್ಮಲ್ಲಿ ಇರಲಿಲ್ಲ.

ಈ ಉತ್ತರ ನಕಲಿ ಅನುಭವದ ಫೈಲಿಗೆ ಬರುವ ಉತ್ತರದ ಹಾಗೇ ಇರುತ್ತದೆ. ವ್ಯತ್ಯಾಸ ಕಾಗದದಲ್ಲಿ ಕಾಣುವುದಿಲ್ಲ. ಆಗಿದ್ದದ್ದು ಇಷ್ಟು: ಮಹೇಶನನ್ನು ನೇಮಿಸಿಕೊಂಡು, ಸಂಬಳ ಕೊಟ್ಟು, ಪಿಎಫ್ ಕಟ್ಟಿದ್ದು ಒಂದು ಮ್ಯಾನ್‌ಪವರ್ ಕಂಪನಿ. ದೊಡ್ಡ ಕಂಪನಿ ಅವರ ಗ್ರಾಹಕ. ಮೈಸೂರಿನಿಂದ ಬೆಂಗಳೂರಿಗೆ ಹೋಗಿ ಹೀಗೆ ಥರ್ಡ್ ಪಾರ್ಟಿ ಪೇರೋಲ್‌ನಲ್ಲಿ ಇರುವವರು ಎಷ್ಟೋ ಜನ. ಅನುಮಾನವಿದ್ದರೆ ಸಂಬಳದ ಚೀಟಿ, ಫಾರ್ಮ್ 16, ಪಿಎಫ್ ಪಾಸ್‌ಬುಕ್ ಮೂರನ್ನೂ ನೋಡಿ. ಮೂರರಲ್ಲೂ ಒಂದೇ ಹೆಸರು ಇರುತ್ತದೆ. ಅವರೇ ನಿಮ್ಮ ಎಂಪ್ಲಾಯರ್. ಕೆಲಸ ಮಾಡಿದ ದೊಡ್ಡ ಕಂಪನಿಯ ಹೆಸರನ್ನು ಷರಾದಲ್ಲಿ "ಇಲ್ಲಿಗೆ ನಿಯೋಜನೆ" ಅಂತ ಬರೆಯಿರಿ. ರೆಸ್ಯೂಮೆಯಲ್ಲೂ ಹಾಗೇ ಇರಬೇಕು, ಏಜೆನ್ಸಿ ಅದನ್ನೂ ತಾಳೆ ನೋಡುತ್ತದೆ.

ಜೂನ್ 20ಕ್ಕೆ ಹೆಸರು ತಿದ್ದಿಸಿದೆವು. ಆದರೂ ಮ್ಯಾನ್‌ಪವರ್ ಕಂಪನಿಯಿಂದ ಉತ್ತರವಿಲ್ಲ. ಒಂದು ವಾರ ಕಾದು ನಾನೇ ಕೇಳಿಸಿದೆ. ಮಹೇಶ ಕೊಟ್ಟಿದ್ದ ಎಂಪ್ಲಾಯೀ ನಂಬರ್ ಕೊರಳಿನ ಕಾರ್ಡಿನದು, ಅಂದರೆ ಗ್ರಾಹಕ ಕಂಪನಿಯದು. ಮ್ಯಾನ್‌ಪವರ್ ಕಂಪನಿಯ ದಾಖಲೆಯಲ್ಲಿ ಆ ನಂಬರೇ ಇಲ್ಲ. ಸಂಬಳದ ಚೀಟಿಯ ಮೂಲೆಯಲ್ಲಿದ್ದ ನಂಬರನ್ನು ಜೂನ್ 27ಕ್ಕೆ ಕಳಿಸಿದ ಮೇಲೆ ಜುಲೈ 4ಕ್ಕೆ ಉತ್ತರ ಬಂತು. ಅವರು ಖಚಿತಪಡಿಸುವುದು ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಬಾಕಿ ಏನಾದರೂ ಇದೆಯಾ, ಮತ್ತೆ ಸೇರಿಸಿಕೊಳ್ಳುತ್ತೀರಾ ಅನ್ನುವ ನಾಲ್ಕೈದು ವಿಷಯ. ಲ್ಯಾಪ್‌ಟಾಪ್ ವಾಪಸ್ ಮಾಡದೆ ಬಂದವರದ್ದು ಈ "ಬಾಕಿ" ಅನ್ನುವಲ್ಲಿ ಸಿಕ್ಕಿಕೊಳ್ಳುತ್ತದೆ.

ಈಗಲೂ ಕೆಲಸದಲ್ಲಿರುವವರಿಗೆ ಒಂದು ಮಾತು. "ಈಗಿನ ಕಂಪನಿಯನ್ನು ಸಂಪರ್ಕಿಸಬಹುದೇ" ಅಂತ ಫಾರ್ಮಿನಲ್ಲಿ ಕೇಳುತ್ತಾರೆ. ರಾಜೀನಾಮೆ ಕೊಡುವ ಮುಂಚೆ ಅಲ್ಲಿ ಹೌದು ಅಂತ ಒತ್ತಿದರೆ ಏಜೆನ್ಸಿಯ ಇಮೇಲ್ ನಿಮ್ಮ ಈಗಿನ ಎಚ್‌ಆರ್ ಮೇಜಿಗೆ ನೇರ ಹೋಗುತ್ತದೆ. ಇಲ್ಲ ಅಂತ ಒತ್ತಿ, ರಿಲೀವಿಂಗ್ ಲೆಟರ್ ಬಂದ ಮೇಲೆ ಹೌದು ಅನ್ನಿ.

ಪಿಎಫ್ ಹೇಳುವ ಕತೆ

ಈಗ ಹಲವು ಏಜೆನ್ಸಿಗಳು ನಿಮ್ಮ ಯುಎಎನ್, ಅಂದರೆ ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರ್ ಕೇಳುತ್ತವೆ. ಅದರ ಸರ್ವಿಸ್ ಹಿಸ್ಟರಿಯಲ್ಲಿ ನಿಮಗೆ ಪಿಎಫ್ ಕಟ್ಟಿದ ಎಲ್ಲ ಕಂಪನಿಗಳ ಸೇರಿದ ದಿನ, ಬಿಟ್ಟ ದಿನ ಸಾಲಾಗಿ ಕಾಣುತ್ತವೆ. ರೆಸ್ಯೂಮೆಯಲ್ಲಿ ಬಿಟ್ಟ ಕಂಪನಿಯೂ ಅಲ್ಲಿ ಕಾಣುತ್ತದೆ. ನೀವು ನೋಡುವ ಮುಂಚೆ ಅವರು ನೋಡಬಾರದು. ಇಪಿಎಫ್‌ಒ ಮೆಂಬರ್ ಪೋರ್ಟಲ್‌ನಲ್ಲಿ `View` ಅಡಿಯ `Service History` ತೆರೆದು ಒಂದು ಪ್ರತಿ ಇಟ್ಟುಕೊಳ್ಳಿ.

ಸಾಮಾನ್ಯ ತೊಂದರೆ, ಬಿಟ್ಟ ದಿನದ ಜಾಗ ಖಾಲಿ ಇರುವುದು. ಹಳೇ ಕಂಪನಿ ಅದನ್ನು ತುಂಬದಿದ್ದರೆ ನೀವು ಇನ್ನೂ ಅಲ್ಲೇ ಇದ್ದೀರಿ ಅಂತ ಲೆಕ್ಕ. ಹೊಸ ಕಂಪನಿ ಸೇರಿದ ಕೂಡಲೇ ಎರಡು ಕಡೆ ಕೆಲಸ ಮಾಡುತ್ತಿರುವ ಹಾಗೆ ಕಾಣುತ್ತದೆ. 2020ರಿಂದ ಸದಸ್ಯರೇ ಇದನ್ನು `Manage` ಅಡಿಯ `Mark Exit`ನಲ್ಲಿ ತುಂಬಬಹುದು, ಆಧಾರ್ ಓಟಿಪಿ ಬರುತ್ತದೆ. ಆದರೆ ಕೊನೇ ಕಂತು ಬಂದು ಎರಡು ತಿಂಗಳು ಆಗಿರಬೇಕು. ಮಹೇಶ ಬಿಟ್ಟದ್ದು ಮೇ 31, ಬಿಜಿವಿ ಜೂನ್‌ನಲ್ಲಿ. ಅವನ ಕೈಯಲ್ಲಿ ಆಗುವ ಹಾಗಿರಲಿಲ್ಲ. ಹಳೇ ಕಂಪನಿಯವರೇ ಹಾಕಬೇಕಿತ್ತು. ಅವರು ಹಾಕುವವರೆಗೆ ರಿಲೀವಿಂಗ್ ಲೆಟರ್ ಮೇಲೆ ನಡೆಸಿದೆವು. ನೀವೇ ತುಂಬುವುದಾದರೆ ರಿಲೀವಿಂಗ್ ಲೆಟರಿನ ದಿನಾಂಕವನ್ನೇ ಹಾಕಿ. ಅಂದಾಜಿಗೆ ತಿಂಗಳ ಕೊನೇ ದಿನ ಹಾಕಿ, ಹೊಸ ಕಡೆ ಅದೇ ತಿಂಗಳ 20ಕ್ಕೆ ಸೇರಿದ್ದರೆ ಹತ್ತು ದಿನ ಎರಡು ಕೆಲಸ ಅಂತ ಬರುತ್ತದೆ.

ಬಾಗಿಲು ಹಾಕಿದ ಕಂಪನಿ

ಎಲ್ಲಕ್ಕಿಂತ ಕಷ್ಟವಾಗಿದ್ದು ಮಹೇಶನ ಮೊದಲ ಕೆಲಸ. ಮೈಸೂರಿನಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಸಂಸ್ಥೆ, ಒಟ್ಟು 12 ಜನ. 2018ರ ಸೆಪ್ಟೆಂಬರ್ 10ಕ್ಕೆ ಸೇರಿದ. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್‌ನಲ್ಲಿ ಅದು ಮುಚ್ಚಿತು. ಪಿಎಫ್ ಕಡ್ಡಾಯವಾಗುವುದು 20 ಜನರಿಂದ, ಹಾಗಾಗಿ ಪಿಎಫ್ ಇಲ್ಲ. ಸಂಬಳ ತಿಂಗಳಿಗೆ 16,000, ತೆರಿಗೆ ಕಟ್ಟುವಷ್ಟಲ್ಲ, ಹಾಗಾಗಿ ಟಿಡಿಎಸ್ ಇಲ್ಲ, ಅದನ್ನು ತೋರಿಸುವ ಫಾರ್ಮ್ 26ಎಎಸ್ ಖಾಲಿ. ಇಮೇಲ್ ಹಾಕಿದರೆ ವಾಪಸ್ ಬರುತ್ತದೆ. ಮಾಲೀಕರ ಜಿಮೇಲ್ ಇತ್ತು, ಆದರೆ ಜಿಮೇಲ್ ಉತ್ತರವನ್ನು ಏಜೆನ್ಸಿ ಒಪ್ಪುವುದಿಲ್ಲ. ಯಾರು ಬೇಕಾದರೂ ಆ ಹೆಸರಿನಲ್ಲಿ ಒಂದು ತೆರೆಯಬಹುದಲ್ಲ.

ಇಂಥ ಕಡೆ ಏಜೆನ್ಸಿ ಮೊದಲು ಆ ಸಂಸ್ಥೆ ನಿಜಕ್ಕೂ ಇತ್ತಾ ಅಂತ ನೋಡುತ್ತದೆ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ `mca.gov.in`ನಲ್ಲಿ ಹೆಸರು ಸಿಗುತ್ತದೆ, ಮುಚ್ಚಿದ್ದರೆ `Strike Off` ಅಂತ ಇರುತ್ತದೆ. ಒಬ್ಬರೇ ಮಾಲೀಕರ ಅಂಗಡಿಯಂಥ ಸಂಸ್ಥೆ ಅಲ್ಲಿ ಸಿಗುವುದಿಲ್ಲ, ಜಿಎಸ್‌ಟಿ ನಂಬರ್ ನೋಡುತ್ತಾರೆ. ಆಮೇಲೆ ನೀವು ಅಲ್ಲಿ ಕೆಲಸ ಮಾಡಿದ್ದಕ್ಕೆ ಗುರುತು ಬೇಕು. ಕೊನೆಗೆ ಉಳಿಯುವುದು ಬ್ಯಾಂಕ್ ಸ್ಟೇಟ್‌ಮೆಂಟ್.

ಜೂನ್ 24ಕ್ಕೆ ಅದನ್ನು ಕೇಳಿದರು. ಮಹೇಶನ ಆ ಖಾತೆ ಸರಸ್ವತಿಪುರಂನ ಒಂದು ಬ್ಯಾಂಕಿನಲ್ಲಿತ್ತು. ಬೆಂಗಳೂರಿಗೆ ಹೋದ ಮೇಲೆ ಮುಟ್ಟಿರಲಿಲ್ಲ. ಎರಡು ವರ್ಷ ವ್ಯವಹಾರ ಇಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ನೆಟ್ ಬ್ಯಾಂಕಿಂಗ್ ತೆರೆಯಲಿಲ್ಲ. ಆಧಾರ್, ಪ್ಯಾನ್ ಹಿಡಿದು ಹೋಗಿ ಮತ್ತೆ ಕೆವೈಸಿ ಮಾಡಿಸಿ ಸ್ಟೇಟ್‌ಮೆಂಟ್ ತರುವಷ್ಟರಲ್ಲಿ ಜುಲೈ 1. ಅದರಲ್ಲಿ ಸಂಸ್ಥೆಯ ಹೆಸರಿನಿಂದ 15 ಸಲ ಸಂಬಳ ಬಂದಿತ್ತು, 2019ರ ಜನವರಿಯಿಂದ 2020ರ ಮಾರ್ಚ್‌ವರೆಗೆ. ಮೊದಲ ನಾಲ್ಕು ತಿಂಗಳದ್ದು ಕೈಗೆ ನಗದು ಕೊಟ್ಟಿದ್ದರು. ಆ ನಾಲ್ಕು ತಿಂಗಳಿಗೆ ಸಾಕ್ಷಿಯಾಗಿ ಇದ್ದದ್ದು ಸೆಪ್ಟೆಂಬರ್ ತಾರೀಕಿನ ಆಫರ್ ಲೆಟರ್ ಒಂದೇ.

ನೀವು ಈಗ ಸಣ್ಣ ಕಡೆ ಕೆಲಸದಲ್ಲಿದ್ದರೆ ಬಿಡುವ ಮುಂಚೆಯೇ ಲೆಟರ್‌ಹೆಡ್ ಮೇಲೆ ತಾರೀಕು ಹಾಕಿದ ಅನುಭವ ಪತ್ರ, ಎಲ್ಲ ಸಂಬಳದ ಚೀಟಿ, ಮತ್ತು ಸಂಬಳ ಬರುವ ಖಾತೆಯ ಸ್ಟೇಟ್‌ಮೆಂಟ್ ಇಳಿಸಿ ಇಟ್ಟುಕೊಳ್ಳಿ. ಕಂಪನಿಯ ಇಮೇಲ್ ಮೇಲೆ ಬಂದದ್ದೆಲ್ಲ ನೀವು ಬಿಟ್ಟ ದಿನವೇ ಕೈತಪ್ಪುತ್ತದೆ. ನಗದು ಸಂಬಳವಾದರೆ ಸಹಿ ಹಾಕಿದ ವೋಚರಿನ ಫೋಟೋ ಆದರೂ ಇರಲಿ.

ವರದಿ

ಜುಲೈ 11ಕ್ಕೆ ವರದಿ ಬಂತು. ಹಸಿರು ಅಂದರೆ ಎಲ್ಲ ಹೊಂದಿದೆ, ಕೆಂಪು ಅಂದರೆ ಸುಳ್ಳು ಅಥವಾ ದೊಡ್ಡ ವ್ಯತ್ಯಾಸ. ಹಳದಿ ಅಂದರೆ ಸಣ್ಣ ವ್ಯತ್ಯಾಸ, ಇಲ್ಲವೇ ಪೂರ್ತಿ ಪರಿಶೀಲಿಸಲು ಆಗಲಿಲ್ಲ. ಮಹೇಶನ ಮ್ಯಾನ್‌ಪವರ್ ಕಂಪನಿ ಹಸಿರು. ಪದವಿ ಹಳದಿ, ವರ್ಷದ ವ್ಯತ್ಯಾಸಕ್ಕೆ. ಮೊದಲ ಕೆಲಸವೂ ಹಳದಿ, ನಾಲ್ಕು ತಿಂಗಳಿಗೆ ಸಾಕ್ಷಿ ಸಾಲದು ಅಂತ.

ಏಜೆನ್ಸಿ ಬಣ್ಣ ಹಚ್ಚುತ್ತದೆ, ತೀರ್ಮಾನ ಕಂಪನಿಯದು. ಈ ಹುದ್ದೆಗೆ ಬೇಕಿದ್ದದ್ದು ಮೂರು ವರ್ಷದ ಅನುಭವ. ಬೆಂಗಳೂರಿನ ಕೆಲಸವೊಂದೇ ಮೂರು ವರ್ಷ ಏಳು ತಿಂಗಳಾಗುತ್ತಿತ್ತು. ಅವನ ಒಂದು ಪುಟದ ವಿವರಣೆ ಓದಿ ನಮ್ಮ ಮ್ಯಾನೇಜರ್ ಸಹಿ ಹಾಕಿದರು. ನಿಮ್ಮದು ಹಳದಿಯೋ ಕೆಂಪೋ ಬಂದರೆ ವರದಿಯ ಆ ಭಾಗದ ಪ್ರತಿ ಕೇಳಿ, ಯಾರು ಏನು ಉತ್ತರಿಸಿದರು ಅಂತ ಓದಿ. "ನಮ್ಮಲ್ಲಿ ಇರಲಿಲ್ಲ" ಅಂತಿದ್ದರೆ ಮೊದಲು ನೋಡಬೇಕಾದ್ದು ಏಜೆನ್ಸಿ ಕೇಳಿದ್ದು ಸರಿಯಾದವರನ್ನೇ ಅನ್ನುವುದು.

ಸೇರುವ ದಿನ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿದ್ದರೆ ಇನ್ನೂ ಎರಡು ವಾರ ಮುಂಚೆ ಫಾರ್ಮ್ ಕಳಿಸಿ. ಗಣೇಶ ಹಬ್ಬ, ದಸರಾ, ಆಯುಧಪೂಜೆ ಅಂತ ನಮ್ಮ ಕಡೆ ಕಚೇರಿಗಳು ಮುಚ್ಚಿರುತ್ತವೆ. ಗುರುಗ್ರಾಮದವರಿಗೆ ದೀಪಾವಳಿ ಗೊತ್ತು, ಜಂಬೂಸವಾರಿ ದಿನ ಮೈಸೂರಿನಲ್ಲಿ ಫೋನ್ ಎತ್ತುವವರು ಯಾರೂ ಇರುವುದಿಲ್ಲ ಅಂತ ಗೊತ್ತಿರುವುದಿಲ್ಲ.